ಉತ್ತರ O(n) ಸರಿ ಐತಿ, ಕಾರಣ ತಪ್ಪೈತಿ: ನಾಕು ಮಾರ್ಕ್ಸಿನಾಗ ಎಷ್ಟು ಕೊಡೋದ್ರಿ?

ವಿದ್ಯಾನಗರ_ಬ್ಲೂಬುಕ್

ನಮಸ್ಕಾರ್ರಿ ಎಲ್ಲಾರಿಗೂ. ಹುಬ್ಬಳ್ಳಿಯೊಳಗ ಒಂದು ಕಾಲೇಜಿನ್ಯಾಗ ಅಲ್ಗಾರಿದಮ್ಸ್ ಕಲಸ್ತೀನಿ. ಎರಡನೇ ಇಂಟರ್ನಲ್ಸಿನ ಬ್ಲೂ ಬುಕ್ ತಿದ್ದಾಕ ಕುಂತೀನಿ, 62 ಅದಾವು, ಉಳದಿದ್ದೆಲ್ಲಾ ಮುಗದೈತಿ, ಒಂದ ಪ್ರಶ್ನೆ ಮ್ಯಾಲ ಮೂರು ದಿವಸದಿಂದ ನಿಂತಬಿಟ್ಟೀನಿ.

ಪ್ರಶ್ನೆ ನಾನ ಬರದದ್ದು. ಬ್ಯಾಡಗಿ ಮಾರ್ಕೆಟ್ಟಿನ n ದಿವಸದ ಮೆಣಸಿನಕಾಯಿ ರೇಟು ಕೊಟ್ಟೈತಿ, ಪ್ರತಿ ದಿವಸಕ್ಕೂ ಅದರ ಮುಂದ ಅದಕ್ಕಿಂತ ಜಾಸ್ತಿ ರೇಟು ಮೊದಲ ಯಾವತ್ತು ಬಂತು ಅಂತ ಹುಡುಕೋ ಅಲ್ಗಾರಿದಮ್ ಬರೀರಿ, ಅದರ ಟೈಮ್ ಕಾಂಪ್ಲೆಕ್ಸಿಟಿ ಹೇಳಿ ಸಮರ್ಥಿಸ್ರಿ. ಒಟ್ಟು 8 ಮಾರ್ಕ್ಸ್. ಅಲ್ಗಾರಿದಮ್ಮಿಗೆ 3, ಕಾಂಪ್ಲೆಕ್ಸಿಟಿ ಹೇಳಿದ್ದಕ್ಕ 1, ಸಮರ್ಥನೆಗೆ 4. ಬರೇ ಹೇಳೋದಕ್ಕ ಒಂದ ಮಾರ್ಕ್ ಇಟ್ಟದ್ದು ಬೇಕಂತಲೇ, ಯಾಕಂದ್ರ ಬಾಯಿಪಾಠ ಮಾಡ್ಕೊಂಡು ಬಂದು O(n) ಅಂತ ಯಾರಾದ್ರೂ ಬರೀತಾರ.

ಹೆಚ್ಚು ಕಡಿಮಿ ಎಲ್ಲಾರೂ ಕ್ಲಾಸಿನ್ಯಾಗ ಮಾಡಿದ್ದ ಬರದಾರ:

```
nxt = [-1] * n
s = []
for i in range(n):
    while s and a[s[-1]] < a[i]:
        nxt[s.pop()] = i
    s.append(i)
```

ಈಗ ಮೂರು ಉತ್ತರ ನೋಡ್ರಿ. ಮೂರರಾಗೂ ಕೋಡ್ ಇದ.

A ಬರದದ್ದು: "ಸ್ಟ್ಯಾಕ್ ಉಪಯೋಗಿಸಿದ್ದರಿಂದ O(n)." ಅಷ್ಟ.

B ಬರದದ್ದು: "ಹೊರಗಿನ `for` n ಸಲ. ಒಳಗಿನ `while` ಸ್ಟ್ಯಾಕ್ ಖಾಲಿ ಆಗೋತನಕ ಓಡಬಹುದು, ಸ್ಟ್ಯಾಕಿನ್ಯಾಗ n ಕ್ಕಿಂತ ಹೆಚ್ಚು ಇರಾಕ ಸಾಧ್ಯ ಇಲ್ಲ, ಆದ್ದರಿಂದ n × n, O(n²)." ಒಂದು ಪುಟ ಚಂದಾಗಿ ಬರದಾನ.

C ಬರದದ್ದು: "`while` ಲೂಪ್ ಸಾಮಾನ್ಯವಾಗಿ ಒಂದೆರಡು ಸಲ ಮಾತ್ರ ಓಡುತ್ತದೆ, ಆದ್ದರಿಂದ O(n)."

ನನ್ನ ಸ್ಕೀಮ್ ಪ್ರಕಾರ A ಮತ್ತ C ಗೆ ಹೇಳಿದ್ದಕ್ಕ ಒಂದು ಬರ್ತೈತಿ, B ಗೆ ಬರೂದಿಲ್ಲ. ಆದ್ರ ಮೂವರೊಳಗ ವಿಚಾರ ಮಾಡಿದಾವ B ಒಬ್ಬನ ಅಂತ ನಂಗ ಅನಸ್ತೈತಿ. ಹೆಂಗ ಮಾಡ್ಲಿ ಹೇಳ್ರಿ.

ಗೋಕುಲರೋಡ್_ಕೋಡರ್

ಮೇಡಂ ಇದರಾಗ ಗೊಂದಲ ಏನೈತ್ರಿ, ಆವರೇಜ್ ಕೇಸ್ O(n), ವರ್ಸ್ಟ್ ಕೇಸ್ O(n²). B ವರ್ಸ್ಟ್ ಬರದಾನ, C ಆವರೇಜ್ ಬರದಾನ. ಇಬ್ಬರಿಗೂ ಫುಲ್ ಕೊಡ್ರಿ, A ಗೆ ಸೊನ್ನಿ.

ಬೆಟಗೇರಿ_ಲೆಕ್ಚರರ್

A ಗೆ ಸೊನ್ನಿ ಅನ್ನೋದಷ್ಟ ಸರಿ ನೋಡ್ರಿ ನಿಮ್ಮ ಮಾತಿನ್ಯಾಗ.

ಸಾಧನಕೇರಿ_ಅಜ್ಜ

ಗೋಕುಲರೋಡ್ ಅವರ, ಒಂದು ಸಣ್ಣ ಕೆಲಸ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ವರ್ಸ್ಟ್ ಕೇಸ್ n² ಅಂದ್ರಿ ಅಲ್ಲ, ಹಂಗಿದ್ರ ಆ ಕೇಸ್ ಒಂದು ಎಲ್ಲೋ ಇರಬೇಕು. 5 ದಿವಸದ ರೇಟು ನೀವ ಬರೀರಿ. `while` ಒಳಗಿನ ಸಾಲು 25 ಸಲ ಬ್ಯಾಡ, 10 ಸಲಾನೂ ಬ್ಯಾಡ, ಬರೇ 5 ಸಲ ಓಡೋ ಹಂಗ ಒಂದು ಇನ್‌ಪುಟ್ ಕೊಡ್ರಿ.

ಗೋಕುಲರೋಡ್_ಕೋಡರ್

ಅದೇನ್ ದೊಡ್ಡದು ಸರ್. ಸಾವಿರದ ಲೆಕ್ಕದಾಗ 19, 17, 15, 13, 25. ಇಳಕೊಂತ ಹೋಗಿ ಕಡಿ ದಿವಸ ಒಮ್ಮೆಲೆ ಏರ್ತೈತಿ. ಐದನೇ ದಿವಸ ಬಂದಾಗ ಸ್ಟ್ಯಾಕಿನ್ಯಾಗ ನಾಕೂ ಕುಂತಿರ್ತಾವು, ನಾಕೂ ಹೊರಗ ಬರ್ತಾವು.

ಸಾಧನಕೇರಿ_ಅಜ್ಜ

ಛಲೋ ಇನ್‌ಪುಟ್ ಕೊಟ್ರಿ. ಆ ದಿವಸ 4 ಸಲ ಆತು. ಅದಕ್ಕಿಂತ ಮೊದಲಿನ ನಾಕು ದಿವಸ ಎಷ್ಟು ಸಲ ಆತು ಅದನ್ನೂ ಬರೀರಿ.

ಗೋಕುಲರೋಡ್_ಕೋಡರ್

ಸೊನ್ನಿ, ಸೊನ್ನಿ, ಸೊನ್ನಿ, ಸೊನ್ನಿ. ಒಟ್ಟು 4.

ತಡೀರಿ ಇನ್ನೊಂದು ಹಾಕ್ತೀನಿ. 18, 15, 13, 16, 19. ನಾಕನೇ ದಿವಸ 16 ಬಂತು, 13 ಹೋತು, 15 ಹೋತು, 18 ಉಳೀತು. ಐದನೇ ದಿವಸ 19 ಬಂತು, 16 ಹೋತು, 18 ಹೋತು. 0, 0, 0, 2, 2. ಇದೂ ಒಟ್ಟು 4.

ಕಾಗದದ ಮ್ಯಾಲ ಅರ್ಧಾ ತಾಸು ಆತು ಸರ್, ಐದಕ್ಕ ಹೋಗವಲ್ದು. ಹೊರಗ ಬಂದದ್ದು ತಿರುಗಿ ಒಳಗ ಹೋಗೋದ ಇಲ್ಲ, ಅದಕ್ಕ ಐದು ಹಾಕಿದ್ರ ಐದಕ್ಕಿಂತ ಹೆಚ್ಚು ತಗ್ಯಾಕ ಆಗೂದಿಲ್ಲ, ಮತ್ತ ಕಡೀದು ಹೆಂಗಿದ್ರೂ ಒಳಗ ಉಳೀತೈತಿ, ಅದಕ್ಕ 4 ರ ಮ್ಯಾಲ ಇಲ್ಲ. ಹಂಗಾದ್ರ ವರ್ಸ್ಟ್ ಕೇಸೂ n ನ. ನಾ ಹೇಳಿದ್ದು ತಪ್ಪಾತು.

ಸಾಧನಕೇರಿ_ಅಜ್ಜ

ನೀವು ಈಗ ಬರದ್ರಲ್ಲ ಕಡೀ ಎರಡು ಸಾಲು, ಮೇಡಮ್ಮಾರು ನಾಕು ಮಾರ್ಕ್ಸ್ ಇಟ್ಟದ್ದು ಅದಕ್ಕ.

ಆವರೇಜ್ ಅನ್ನೋ ಶಬ್ದದ ಬಗ್ಗೆ ಒಂದು ಮಾತು, ಯಾಕಂದ್ರ ನಾ ಧಾರವಾಡದಾಗ ಪಾಠ ಮಾಡೋವಾಗ ವರ್ಷಾ ಇದ ತಪ್ಪು ನೋಡೀನಿ. ಆವರೇಜ್ ಕೇಸ್ ಅಂದ್ರ ಇನ್‌ಪುಟ್ ಹೆಂಗ ಬರ್ತಾವ ಅನ್ನೋದರ ಮ್ಯಾಲ ಏನೋ ಒಂದು ಊಹೆ ಇರಬೇಕು, ರೇಟು ಯದ್ವಾತದ್ವಾ ಬರ್ತಾವ ಅಂತಾನೋ ಮತ್ತೊಂದೋ. ಇಲ್ಲಿ ಅಂಥಾ ಊಹೆ ಏನೂ ಬೇಕಾಗಿಲ್ಲ. ರೇಟು ಹೆಂಗರ ಬರ್ಲಿ, ಒಬ್ಬರು ಬೇಕಂತಲೇ ನಿಮ್ಮ ಕೋಡ್ ಕೆಡಸಾಕ ಅಂತ ಬರೀಲಿ, ಒಟ್ಟು n ದಾಟೂದಿಲ್ಲ. ಒಂದೊಂದು ದಿವಸ ಹಗರೋ ಭಾರೋ ಇರ್ತದ, ಒಟ್ಟು ಮಾತ್ರ ಖಾತ್ರಿ. ಇದಕ್ಕ ಅಮಾರ್ಟೈಸ್ಡ್ ಅಂತಾರ, ರಾಬರ್ಟ್ ಟಾರ್ಜನ್ 1985 ರಾಗ ಇದರ ಮ್ಯಾಲ ಬರದ ಮ್ಯಾಲ ಆ ಹೆಸರು ಗಟ್ಟಿ ಆತು. ಹುಡುಗ್ರು ಆ ಹೆಸರು ಬರೀಲಿಲ್ಲ ಅಂದ್ರೂ ನಡೀತದ, ವಿಚಾರ ಬರದ್ರ ಸಾಕು.

ಬ್ಯಾಡಗಿ_ಕಡ್ಡಿ

ನಮ್ಮೂರ ಹೆಸರು ನೋಡಿ ಒಳಗ ಬಂದೆ. ನಮ್ಮ ಮಾಮಾಂದು ಬ್ಯಾಡಗಿಯೊಳಗ ಕೋಲ್ಡ್ ಸ್ಟೋರೇಜ್ ಐತ್ರಿ, ರಜಾ ಇದ್ದಾಗ ಲೆಕ್ಕಾ ಬರಿಯಾಕ ಕುಂದ್ರಸ್ತಾರ, ಅದಕ್ಕ ಈ ಪ್ರಶ್ನೆ ನಂಗ ಬ್ಯಾರೆ ಥರಾ ಕಾಣತೈತಿ.

ಹಮಾಲ್ರಿಗೆ ರೊಕ್ಕಾ ಕೊಡೋದು ಚೀಲದ ಲೆಕ್ಕದಾಗ. ಒಳಗ ಇಟ್ರ ಒಂದು ಸಲ, ಹೊರಗ ತಗದ್ರ ಒಂದು ಸಲ. ಕೆಲವು ದಿವಸ ಒಂದೂ ಚೀಲ ಹೊರಗ ಬರೂದಿಲ್ಲ, ರೇಟು ಏರಿದ ದಿವಸ ರೈತ್ರು ಎಲ್ಲಾರೂ ಒಮ್ಮೆಲೆ ಬಂದು ತಗೀತಾರ, ಅವತ್ತು ಹಮಾಲ್ರಿಗೆ ಮುಂಜಾನಿಂದ ರಾತ್ರಿತನಕ ಕೆಲಸಾ. ಈಗ ಸೀಸನ್ ಮುಗದ ಮ್ಯಾಲ ಒಟ್ಟು ಹಮಾಲಿ ಎಷ್ಟು ಅಂತ ಕೇಳಿದ್ರ, ಆ ಭಾರಿ ದಿವಸದ ಚೀಲ ಹಿಡದು ಅದನ್ನ ದಿವಸದ ಸಂಖ್ಯಾದಿಂದ ಗುಣಿಸಿ ಯಾರೂ ಹೇಳೂದಿಲ್ಲ. ಬಂದ ಚೀಲ ಎಷ್ಟು ಅಂತ ರಿಜಿಸ್ಟರ್ ನೋಡ್ತಾರ, ಅಷ್ಟು ಒಳಗ, ಹೆಚ್ಚಂದ್ರ ಅಷ್ಟ ಹೊರಗ.

B ಮಾಡಿದ್ದು ಆ ಗುಣಾಕಾರ ಅನಸ್ತೈತಿ ನಂಗ. ಅವನ ಲೆಕ್ಕದ್ದ ಒಳಗ ಹಮಾಲಿ ಬಿಲ್ ಬರ್ತೈತಿ ಅನ್ನೋದು ಖರೆ, ಆದ್ರ ನಮ್ಮ ಮಾಮಾ ಆ ಬಿಲ್ ಕೊಡೂದಿಲ್ಲ.

ಮತ್ತ ಮೇಡಂ, ರೇಟು ಕಡ್ಡಿದೋ ಡಬ್ಬಿದೋ ಅಂತ ಪ್ರಶ್ನೆಯೊಳಗ ಬರೀಬೇಕಿತ್ರಿ, ಎರಡರ ರೇಟು ಬ್ಯಾರೆ ಬ್ಯಾರೆ.

ವಿದ್ಯಾನಗರ_ಬ್ಲೂಬುಕ್

ಹಮಾಲಿ ಲೆಕ್ಕಾ ಭಾಳ ಛಲೋ ಹೇಳಿದಿ ತಮ್ಮಾ. ನಾಳಿ ಕ್ಲಾಸಿನ್ಯಾಗ ಇದನ್ನ ಹೇಳ್ತೀನಿ. ಕಡ್ಡಿ ಅಂತ ತಿದ್ದಕೊಂತೀನಿ.

ಶಿಗ್ಗಾಂವಿ_ಪಾಲಕ

ಮೇಡಮ್ಮಾರ, ನಮ್ಮ ಹುಡುಗಂದೂ ಹಿಂಗ ಆಗೇತ್ರಿ, ಉತ್ತರ ಸರಿ ಇದ್ರೂ ಮಾರ್ಕ್ಸ್ ಕಡಿಮಿ ಬಂದಾವು. ರಿವ್ಯಾಲ್ಯುವೇಶನ್ ಹಾಕಿದ್ರ ಏರ್ತಾವೇನ್ರಿ? ಫೋಟೋಕಾಪಿ ಮೊದಲ ತಗೋಬೇಕೋ ಏನ ಹೆಂಗ?

ಬೆಟಗೇರಿ_ಲೆಕ್ಚರರ್

ಅಣ್ಣಾರ, ಇಲ್ಲಿ ಮಾತು ನಡದದ್ದು ಕಾಲೇಜಿನ ಒಳಗಿನ ಟೆಸ್ಟಿಂದು, ಅದಕ್ಕ ರಿವ್ಯಾಲ್ಯುವೇಶನ್ ಇರೂದಿಲ್ಲ, ಬ್ಲೂ ಬುಕ್ಕ ಕೈಯಾಗ ಕೊಡ್ತಾರ. ನಿಮ್ಮ ಹುಡುಗಂದು ಸೆಮಿಸ್ಟರ್ ಪರೀಕ್ಷಾ ಇದ್ರ ಮೊದಲ ಫೋಟೋಕಾಪಿ ತರಿಸಿ ಅವನ ಗುರುಗಳ ಮುಂದ ಇಡ್ರಿ. ಪ್ರಶ್ನೆಯೊಳಗ "ಸಮರ್ಥಿಸಿ" ಅಂತ ಇದ್ದು ಹುಡುಗ ಬರೇ ಉತ್ತರ ಬರದಿದ್ರ ಏರೋದು ಕಷ್ಟ.

ಈಗ ವಿಷಯಕ್ಕ ಬರ್ತೀನಿ. ನಾ ತಿದ್ದೋವಾಗ ಒಂದು ಪದ್ಧತಿ ಇಟ್ಕೊಂಡೀನಿ. ಹುಡುಗ ಬರದ ಕಾರಣಾ ಅಷ್ಟ ಎತ್ತಿ ಬ್ಯಾರೆ ಕೋಡಿನ ಮ್ಯಾಲ ಇಟ್ಟು ನೋಡ್ತೀನಿ. ಅಲ್ಲಿ ಅದ ಕಾರಣಾ ಸುಳ್ಳು ಉತ್ತರ ಕೊಟ್ರ ಅದು ಕಾರಣಾನ ಅಲ್ಲ. A "ಸ್ಟ್ಯಾಕ್ ಉಪಯೋಗಿಸಿದ್ದರಿಂದ" ಅಂದಾನ. ಇದನ್ನ ನೋಡ್ರಿ:

```
for i in range(n):
    for j in s:
        if a[j] < a[i] and nxt[j] == -1:
            nxt[j] = i
    s.append(i)
```

ಇಲ್ಲೂ ಅದ `s` ಐತಿ, ಅದ `append` ಐತಿ, ಉತ್ತರಾನೂ ಸರಿ ಬರ್ತೈತಿ. ಆದ್ರ ಯಾವುದನ್ನೂ ಹೊರಗ ತಗ್ಯೂದಿಲ್ಲ, ದಿನಾ ಹಿಂದಿನ ಎಲ್ಲಾ ದಿವಸ ತಿರುವಿ ನೋಡ್ತೈತಿ. 5 ದಿವಸಕ್ಕ 0+1+2+3+4, ಹತ್ತು ಸಲ. n ಗೆ n(n-1)/2. A ನ ಕಾರಣಾ ಇಲ್ಲಿ ಹಚ್ಚಿದ್ರ ಇದೂ O(n) ಅಂತ ಆಗ್ತೈತಿ. ಅದಕ್ಕ ಸಮರ್ಥನೆಗೆ ಸೊನ್ನಿ, ಹೇಳಿದ್ದಕ್ಕ ಒಂದು. ನಾ ಮಾರ್ಜಿನ್‌ನ್ಯಾಗ ಈ ಕೋಡ್ ಬರದ ಬಿಡ್ತೀನಿ, ಹುಡುಗ ಜಗಳಾಕ್ಕ ಬರೂದಿಲ್ಲ.

C ಗೆ ಗೋಕುಲರೋಡ್ ಅವರ ಇನ್‌ಪುಟ್ ಸಾಕು. 19, 17, 15, 13, 25. ಕಡೀ ದಿವಸ ನಾಕು ಸಲ ಓಡ್ತೈತಿ, ಸಾವಿರ ದಿವಸ ಇದ್ರ 999 ಸಲ ಓಡ್ತೈತಿ. "ಒಂದೆರಡು ಸಲ ಮಾತ್ರ" ಅನ್ನೋದು ಸುಳ್ಳು. ಅವನಿಗೂ ಸೊನ್ನಿ.

ಸಾಧನಕೇರಿ_ಅಜ್ಜ

A ಬಗ್ಗೆ ಒಪ್ಪಿದೆ. C ಗೆ ಸೊನ್ನಿ ಕೊಡಾಕ ನನ್ನ ಕೈ ಏಳೂದಿಲ್ಲ. "ಸಾಮಾನ್ಯವಾಗಿ" ಅಂತ ಬರದಾನ. ಒಟ್ಟು n ದಾಟೂದಿಲ್ಲ ಅಂದ ಮ್ಯಾಲ ದಿವಸಕ್ಕ ಒಂದರ ಒಳಗ ಬೀಳ್ತದ, ಅಂದ್ರ ಅವನು ಕಂಡದ್ದು ಖರೇನ ಅದ. ಯಾಕ ಹಂಗ ಅಂತ ಅವನಿಗೆ ಹೇಳಾಕ ಬಂದಿಲ್ಲ. ನಾನಾಗಿದ್ರ ನಾಕರಾಗ ಒಂದು ಕೊಡ್ತಿದ್ದೆ, "ಒಂದು ದಿವಸ ಹೆಚ್ಚು ಓಡಿದ್ರ ಏನು?" ಅಂತ ಪಕ್ಕಕ್ಕ ಬರೀತಿದ್ದೆ.

ಬೆಟಗೇರಿ_ಲೆಕ್ಚರರ್

ಸರ್ ಅವನು ಹಂಗ ವಿಚಾರ ಮಾಡಿದ್ದ ಅಂತ ನೀವು ತಿಳ್ಕೊಂಡ್ರಿ, ಪೇಪರ್ ಮ್ಯಾಲ ಅದು ಇಲ್ಲ. ಎರಡು ಮೂರು ಉದಾಹರಣಾ ಬಿಡಿಸಿ ನೋಡಿ, ಪ್ರತಿ ಸಲ ಸಣ್ಣ ನಂಬರ್ ಬಂತು ಅಂತ ಬರದಿರಬಹುದು ಅಲ್ಲೇನ್ರಿ.

ಉಣಕಲ್_ಗಾಳಿ

ನಾ ಈಗ ರನ್ ಮಾಡಿ ನೋಡಿದೆ. ರ‍್ಯಾಂಡಮ್ ರೇಟು ಹಾಕಿ n ಒಂದು ಲಕ್ಷ, ಎರಡು ಲಕ್ಷ, ನಾಕು ಲಕ್ಷ. ಟೈಮ್ ಡಬಲ್ ಡಬಲ್ ಆಗ್ತೈತಿ, ಗ್ರಾಫ್ ಸೀದಾ ಗೆರಿ. ಯಾರಾದ್ರೂ ಈ ಗ್ರಾಫ್ ಬರದ್ರ ಸಮರ್ಥನೆ ಅಂತ ತಗೋಬಹುದಲ್ಲ? ಇಷ್ಟೆಲ್ಲಾ ವಾದ ಯಾಕ?

ಗೋಕುಲರೋಡ್_ಕೋಡರ್

ಇಲ್ಲೋ ಮಾರಾಯಾ, ರ‍್ಯಾಂಡಮ್ ಹಾಕಿದ್ರ ನೀ ವರ್ಸ್ಟ್ ಕೇಸ್ ಮುಟ್ಟೀ ಅಂತ ಹೆಂಗ ಗೊತ್ತು? ಬೆಟಗೇರಿ ಸರ್ ಹಾಕಿದ ಎರಡನೇ ಕೋಡ್ ಬಿಡು, ಸ್ಟ್ಯಾಕ್ ಇಲ್ಲದ ಸಾದಾ ಕೋಡ್ ತಗೋ, ಪ್ರತಿ ದಿವಸದಿಂದ ಮುಂದ ಮುಂದ ನೋಡಿ ಹೆಚ್ಚು ರೇಟು ಸಿಕ್ಕ ಕೂಡ್ಲೆ ನಿಲ್ಲೋದು. ಅದಕ್ಕೂ ರ‍್ಯಾಂಡಮ್ ರೇಟು ಹಾಕಿದ್ರ ಬೇಗ ಬೇಗ ನಿಲ್ತೈತಿ, n² ಕಾಣೂದಿಲ್ಲ. ಇಳಕೊಂತ ಹೋಗೋ ರೇಟು ಹಾಕು, ಯಾವ ದಿವಸಕ್ಕೂ ಉತ್ತರ ಸಿಗೂದಿಲ್ಲ, ಕಡೀತನಕ ಹೋಗಬೇಕು, ಆವಾಗ ಒದ್ದಾಡ್ತೈತಿ. ನಮ್ಮ ಆಫೀಸಿನ್ಯಾಗ ಟೆಸ್ಟಿಂಗ್ ಒಳಗ ಎಲ್ಲಾ ಸರಿ ಇದ್ದು ಪ್ರೊಡಕ್ಷನ್ನಿಗೆ ಹೋದ ಮ್ಯಾಲ ಕುಂತ ಕೋಡ್ ನಾ ನೋಡೀನಿ, ಕಾರಣಾ ಇದ, ಡೇಟಾ ಸಾರ್ಟ್ ಆಗಿ ಬಂದಿತ್ತು.

ಉಣಕಲ್_ಗಾಳಿ

ಇಳಿಯೋ ರೇಟು ಹಾಕಿ ಸಾದಾ ಕೋಡ್ ಓಡಿಸಿದೆ. ಒಂದು ಲಕ್ಷಕ್ಕ ಮುಗೀವಲ್ದು, ಚಾ ಕುಡದು ಬಂದೆ, ಇನ್ನೂ ಓಡ್ಲಿಕ್ಕತ್ತೈತಿ. ಸ್ಟ್ಯಾಕಿನ ಕೋಡ್ ಅದ ಡೇಟಾಕ್ಕ ತಟ್ಟನೆ ಮುಗದೈತಿ. ಒಪ್ಪಿದೆ.

ಹಾನಗಲ್_ಐದನೇಸೆಮ್

ನಂದೂ ಒಂದು ಕೇಸ್ ಐತ್ರಿ, ಸ್ವಲ್ಪ ಬ್ಯಾರೆ, ಆದ್ರ ಯಾರರ ಹೇಳ್ರಿ. ಹೋದ ಸೆಮಿಸ್ಟರಿನ್ಯಾಗ ಲ್ಯಾಬ್ ಟೆಸ್ಟಿಗೆ ಬೈನರಿ ಸರ್ಚ್ ಬರದೆ:

```
def find(a, x):
    if not a: return False
    m = len(a) // 2
    if a[m] == x: return True
    if x < a[m]: return find(a[:m], x)
    return find(a[m+1:], x)
```

O(log n) ಅಂತ ಬರದೆ, ಪ್ರತಿ ಸಲ ಅರ್ಧ ಆಗ್ತೈತಿ ಅಂತ ಸಮರ್ಥನೆ ಕೊಟ್ಟೆ. ಸರ್ ಅದಕ್ಕ ಅರ್ಧಾ ಮಾರ್ಕ್ಸ್ ಕಟ್ ಮಾಡಿದ್ರು, "ಕೋಡ್ ನೋಡು" ಅಂತ ಅಷ್ಟ ಬರದ್ರು. ಬೈನರಿ ಸರ್ಚ್ O(log n) ಅಲ್ಲ ಅಂತ ಯಾವ ಪುಸ್ತಕದಾಗ ಐತ್ರಿ? ಇವತ್ತಿಗೂ ನಂಗ ಅನ್ಯಾಯ ಆತು ಅಂತ ಅನಸ್ತೈತಿ.

ಸಾಧನಕೇರಿ_ಅಜ್ಜ

ತಮ್ಮಾ, ಬೈನರಿ ಸರ್ಚ್ O(log n) ಹೌದು. ನೀ ಬರದ ಕೋಡ್ ಅಲ್ಲ. `a[:m]` ಅಂದಾಗ ಪೈಥಾನ್ ಆ ಅರ್ಧಾ ಲಿಸ್ಟನ್ನ ಹೊಸದಾಗಿ ಕಾಪಿ ಮಾಡ್ತದ, ಪುಕ್ಕಟ ಆಗೂದಿಲ್ಲ ಅದು. 1024 ಅಂಶ ಇದ್ರ ಮೊದಲ ಸಲ 512, ಆಮ್ಯಾಲ 256, 128, ಹಿಂಗ ಕೂಡಿಸ್ಕೊಂತ ಹೋಗು, ಹೆಚ್ಚು ಕಡಿಮಿ ಸಾವಿರ ಅಂಶ ಕಾಪಿ ಆದ್ವು. ಹೋಲಿಸಿ ನೋಡಿದ್ದು ಹತ್ತು ಹನ್ನೊಂದು ಸಲ, ಕಾಪಿ ಸಾವಿರ. ಅದಕ್ಕ ನಿನ್ನ ಕೋಡ್ O(n). ಲಿಸ್ಟ್ ಹಂಗ ಇಟ್ಟು ಎರಡು ಇಂಡೆಕ್ಸ್ ಸರಸ್ಕೊಂತ ಹೋಗಿದ್ರ ನಿನ್ನ ಮಾತು ನಿಲ್ತಿತ್ತು.

ನಿನ್ನ ಗುರುಗಳು "ಕೋಡ್ ನೋಡು" ಅಂತ ಬಿಟ್ಟದ್ದು ಸಾಲಲಿಲ್ಲ, ಒಂದು ಸಾಲು ಹೆಚ್ಚು ಬರೀಬೇಕಿತ್ತು. ಆದ್ರ ಕಟ್ ಮಾಡಿದ್ದು ಸರಿ.

ಹಾನಗಲ್_ಐದನೇಸೆಮ್

ಅಯ್ಯ... ಸ್ಲೈಸ್ ಕಾಪಿ ಮಾಡ್ತೈತಿ ಅಂತ ಗೊತ್ತಿತ್ರಿ, ಅದನ್ನ ಎಣಸಬೇಕು ಅಂತ ತಲಿಗೆ ಬಂದಿದ್ದಿಲ್ಲ. ಆದ್ರೂ ಸರ್, ಪ್ರಶ್ನೆಯೊಳಗ "ಎಷ್ಟು ಕಂಪ್ಯಾರಿಸನ್" ಅಂತ ಕೇಳಿದ್ರ ನಂದು ಸರಿ ಆಗ್ತಿತ್ತಲ್ಲ?

ಸಾಧನಕೇರಿ_ಅಜ್ಜ

ಆಗ್ತಿತ್ತು, ಪೂರ್ತಿ ಸರಿ. ಅದಕ್ಕ ಮೇಡಮ್ಮಾರಿಗೆ ನಾ ಹೇಳೋದು, ಆ ನಾಕು ಮಾರ್ಕ್ಸ್ ಒಡೀರಿ. ಏನನ್ನ ಎಣಸ್ಲಿಕ್ಕತ್ತೀನಿ ಅಂತ ಹೇಳಿದ್ದಕ್ಕ ಒಂದು. ಇಲ್ಲಿ ಅದು `while` ಒಳಗಿನ ಸಾಲು. ಅದು ಒಟ್ಟು n ದಾಟೂದಿಲ್ಲ ಯಾಕ ಅನ್ನೋದಕ್ಕ ಎರಡು. ಉಳದ ಕೆಲಸ ಕೂಡಿಸಿದ್ದಕ್ಕ ಒಂದು. ಈ ಕಡೀದನ್ನ ಭಾಳ ಮಂದಿ ಬಿಡ್ತಾರ. ಒಂದೂ ಹೊರಗ ತಗೀದಿದ್ದ ದಿವಸಾನೂ `while` ಶರತ್ತು ಒಂದು ಸಲ ನೋಡಿ ಸುಳ್ಳಾಗ್ತದ, ಅದು n ಸಲ. ಹೊರಗ ತಗದದ್ದಕ್ಕ ಒಂದೊಂದು, ಅದು ಹೆಚ್ಚಂದ್ರ n-1. ಶರತ್ತು ನೋಡಿದ್ದು ಒಟ್ಟು 2n-1 ರ ಮ್ಯಾಲ ಹೋಗೂದಿಲ್ಲ. ಗೋಕುಲರೋಡ್ ಅವರ ಎರಡೂ ಉದಾಹರಣಾದಾಗ 5+4, ಒಂಬತ್ತು, ಸರಿಯಾಗಿ ಆ ಅಂಚಿಗೆ ಹತ್ತಿದಾವ.

ಬೆಟಗೇರಿ_ಲೆಕ್ಚರರ್

ಒಡಿಯೋದಕ್ಕ ನನ್ನ ತಕರಾರು ಐತ್ರಿ. ಹಂಗ ಒಡದ್ರ ನೀವು ಬರದ ದಾರಿಯೊಳಗ ಬಂದಾವಗ ಅಷ್ಟ ಮಾರ್ಕ್ಸ್ ಬೀಳ್ತಾವು. ಒಬ್ಬಾಕಿ ನಂಗ ಹಿಂದ ಹಿಂಗ ಬರದಿದ್ಲು: "ಸ್ಟ್ಯಾಕಿನ ಎತ್ತರ ಪ್ರತಿ ದಿವಸ ಒಂದು ಏರ್ತೈತಿ, ಪ್ರತಿ `pop` ಗೆ ಒಂದು ಇಳೀತೈತಿ, ಸೊನ್ನಿಕಿಂತ ಕೆಳಗ ಹೋಗಾಕ ಆಗೂದಿಲ್ಲ." ಮುಗೀತು. ಆಕಿ ಏನೂ ಎಣಸಲಿಲ್ಲ, ಯಾವ ಅಂಶ ಎಷ್ಟು ಸಲ ಹೋಗಿ ಬಂತು ಅಂತ ಹೇಳಲಿಲ್ಲ, ಬರೇ ಎತ್ತರ ನೋಡಿದ್ಲು. ಇದೂ ಪೂರಾ ಸಮರ್ಥನೆ. ನಿಮ್ಮ ಸ್ಕೀಮಿನ್ಯಾಗ ಇದನ್ನ ಎಲ್ಲೆಲ್ಲಿ ಕೂಡಸ್ತೀರಿ?

ಸಾಧನಕೇರಿ_ಅಜ್ಜ

ಅದು ಚಂದ ಉತ್ತರ, ನಾಕಕ್ಕ ನಾಕು. ಸ್ಕೀಮಿನ ಕೆಳಗ "ಅಥವಾ ಬ್ಯಾರೆ ಯಾವುದೇ ಸರಿಯಾದ ವಾದ" ಅಂತ ಒಂದು ಸಾಲು ಇರಬೇಕು ಅನ್ನೋದು ಒಪ್ಪಿದೆ. ಒಡದದ್ದು ಅರೆಬರೆ ಬರದಾವರಿಗೆ, ಪೂರಾ ಬರದಾವರಿಗೆ ಅಲ್ಲ.

ವಿದ್ಯಾನಗರ_ಬ್ಲೂಬುಕ್

B ಬಗ್ಗೆ ಯಾರೂ ಮುಗಸಲಿಲ್ಲರಿ ಇನ್ನೂ. ಹಮಾಲಿ ಉದಾಹರಣಾದಾಗ ತಮ್ಮ ಹೇಳಿದ್ನಲ್ಲ, ಬಿಲ್ ಅದರ ಒಳಗ ಬರ್ತೈತಿ ಅನ್ನೋದು ಖರೆ ಅಂತ. O ಅಂದ್ರ ಮ್ಯಾಲಿನ ಮಿತಿ. n ಸಲ ಓಡೋದು n² ರ ಒಳಗೂ ಬರ್ತೈತಿ. B ಬರದ ಪ್ರತಿ ವಾಕ್ಯನೂ ಖರೆ ಐತಿ. ಸ್ಟ್ಯಾಕಿನ್ಯಾಗ n ಕ್ಕಿಂತ ಹೆಚ್ಚು ಇರೂದಿಲ್ಲ, ಖರೆ. ಆದ್ದರಿಂದ O(n²), ಅದೂ ಖರೆ. ಸುಳ್ಳು ಕಾರಣಾ ಕೊಟ್ಟ C ಗೆ ಎರಡು ಬಂದು, ಖರೆ ಬರದ B ಗೆ ಸೊನ್ನಿ ಬಂದ್ರ ನಾ ಅವನ ಮಾರಿ ಹೆಂಗ ನೋಡ್ಲಿ?

ಬೆಟಗೇರಿ_ಲೆಕ್ಚರರ್

ಮೇಡಂ, ಹಂಗಾದ್ರ ಎಲ್ಲಾದಕ್ಕೂ O(2ⁿ) ಅಂತ ಬರದು ಬರ್ತಾರ, ಅದೂ ಖರೇನ. ಕಾಂಪ್ಲೆಕ್ಸಿಟಿ ಏನು ಅಂತ ಕೇಳಿದ್ರ ಬಿಗಿ ಉತ್ತರ ಕೇಳಿದ್ದು ಅಂತ ಎಲ್ಲಾರಿಗೂ ಗೊತ್ತು. ಹಾವೇರಿಯಿಂದ ಹುಬ್ಬಳ್ಳಿ ಎಷ್ಟು ದೂರ ಅಂತ ಕೇಳಿದ್ರ ಸಾವಿರ ಕಿಲೋಮೀಟರ್ ಒಳಗ ಅಂತ ಯಾರರ ಹೇಳ್ತಾರೇನ್ರಿ?

ಸಾಧನಕೇರಿ_ಅಜ್ಜ

ಎಲ್ಲಾರಿಗೂ ಗೊತ್ತು ಅಂದ್ರ ಪ್ರಶ್ನೆಯೊಳಗ ಬರಿಯಾಕ ಏನು ತೊಂದರಿ? ಈ ಗೊಂದಲ ಇವತ್ತಿಂದಲ್ಲ. ಡೊನಾಲ್ಡ್ ಕ್ನೂತ್ 1976 ರಾಗ ಇದನ್ನ ಎತ್ತಿದ್ರು, ಮಂದಿ ಬಿಗಿ ಮಿತಿ ಹೇಳಬೇಕಾದಲ್ಲೂ O ನ ಬಳಸ್ತಾರ ಅಂತ, ಅದಕ್ಕ Θ ಮತ್ತ Ω ಹಿಂಗಿಂಗ ಬಳಸೋಣ ಅಂತ ಬರದ್ರು. ಐವತ್ತು ವರ್ಷ ಆಗ್ಲಿಕ್ಕ ಬಂತು, ನಾವು ಇನ್ನೂ O ಬರದು Θ ಅಂತ ತಿಳ್ಕೊಂತೀವಿ.

ಪ್ರಶ್ನೆಯೊಳಗ "ಬಿಗಿಯಾದ" ಅನ್ನೋ ಶಬ್ದ ಇಲ್ಲ ಅಂದ ಮ್ಯಾಲ B ಗೆ ಸಮರ್ಥನೆಗೆ ನಾಕರಾಗ ಮೂರು ಕೊಡ್ತೀನಿ ನಾ. ಒಂದು ಯಾಕ ಕಟ್ ಅಂದ್ರ, ಗೋಕುಲರೋಡ್ ಅವರಿಗೆ ಕೇಳಿದ ಪ್ರಶ್ನೆ ಅವನು ತನಗ ಕೇಳ್ಕೊಳ್ಳಲಿಲ್ಲ. n² ಮುಟ್ಟಿಸೋ ಇನ್‌ಪುಟ್ ಯಾವುದು ಅಂತ. ಕೇಳ್ಕೊಂಡಿದ್ರ ಅರ್ಧಾ ತಾಸಿನ್ಯಾಗ ಅವನಿಗೂ ಗೊತ್ತಾಗ್ತಿತ್ತು.

ಬೆಟಗೇರಿ_ಲೆಕ್ಚರರ್

ನಾ ಎರಡರ ಮ್ಯಾಲ ಹೋಗೂದಿಲ್ಲ. ಕ್ಲಾಸಿನ್ಯಾಗ ಹೇಳಿಕೊಟ್ಟದ್ದ ಕೋಡ್, ಅದರ ಜೀವಾಳನ ಆ ಎಣಿಕಿ. ಅದನ್ನ ಬಿಟ್ಟು ಎರಡು ಲೂಪ್ ಕಂಡ ಕೂಡ್ಲೆ ಗುಣಿಸಿದಾವ ಸಮರ್ಥನೆ ಮಾಡ್ಯಾನ ಅಂತ ನಂಗ ಅನಸೂದಿಲ್ಲ.

ಗೋಕುಲರೋಡ್_ಕೋಡರ್

ಒಂದು ಡೌಟ್. ಯಾರಾದ್ರೂ ಸ್ಟ್ಯಾಕ್ ಬಿಟ್ಟು ಸಾದಾ ಎರಡು ಲೂಪಿನ ಕೋಡ್ ಬರದು, ರೇಟು ಇಳಕೊಂತ ಹೋದ್ರ (n-1)+(n-2)+... ಅಂತ ಕೂಡಿಸಿ n(n-1)/2, ಅದಕ್ಕ O(n²), ಅಂತ ಬರದಿದ್ರ?

ವಿದ್ಯಾನಗರ_ಬ್ಲೂಬುಕ್

ಅಂಥಾವು ಏಳು ಪೇಪರ್ ಅದಾವು. ಅವರಿಗೆ ಹೇಳಿದ್ದಕ್ಕ ಒಂದು, ಸಮರ್ಥನೆಗೆ ನಾಕು, ಪೂರಾ ಕೊಟ್ಟೀನಿ. ಕೋಡಿಗೂ ಮೂರಕ್ಕ ಮೂರು, ಯಾಕಂದ್ರ ಇಷ್ಟ ಟೈಮಿನ್ಯಾಗ ಆಗಬೇಕು ಅಂತ ನಾ ಕೇಳಿದ್ದಿಲ್ಲ. ತಮ್ಮ ಕೋಡಿಗೆ ತಾವು ಸರಿ ಲೆಕ್ಕಾ ಕೊಟ್ಟಾರ, ಎಷ್ಟು ಕೆಟ್ಟದಾಗಬಹುದು ಅಂತ ಇನ್‌ಪುಟ್ಟೂ ತೋರಿಸ್ಯಾರ. B ಗೂ ಅವರಿಗೂ ಅದ ಫರಕು, ಈಗ ನಂಗ ಸ್ವಚ್ಛ ಕಾಣ್ತೈತಿ.

ಇನ್ನೊಂದು ಪೇಪರ್ ಬಗ್ಗೆ ಹೇಳೋದು ಉಳದೈತಿ. ಕಡೀ ಬೆಂಚಿನ ಒಬ್ಬಾಕಿ ಹುಡುಗಿ, ಕನ್ನಡ ಮೀಡಿಯಮ್ಮಿನಿಂದ ಬಂದಾಕಿ, ಪೇಪರ್ ಎಲ್ಲಾ ಇಂಗ್ಲಿಷಿನ್ಯಾಗ ಬರದು ಈ ಒಂದು ಜಾಗಾದಾಗ ಕನ್ನಡದಾಗ ಬರದಾಳ: "ಪ್ರತಿ ದಿನ ಒಂದೇ ಸಲ ಒಳಗೆ ಹೋಗುತ್ತದೆ, ಹೆಚ್ಚೆಂದರೆ ಒಂದೇ ಸಲ ಹೊರಗೆ ಬರುತ್ತದೆ. ಆದ್ದರಿಂದ O(n)." ಒಂದು ಫಾರ್ಮುಲಾ ಇಲ್ಲ, ಅರ್ಧಾ ಸಾಲಿನ ಜಾಗಾ. ನಂಗ ಓದಿದ ಕೂಡ್ಲೆ ಖುಷಿ ಆತು, ನಾಕು ಹಾಕಿದೆ. ಆಮ್ಯಾಲ B ಬರದ ಪುಟಾ ನೋಡಿ ಕೈ ತಡೀತು.

ಬ್ಯಾಡಗಿ_ಕಡ್ಡಿ

ಆಕಿಗೆ ನಾಕ ಕೊಡ್ರಿ ಮೇಡಂ!! ನಾ ಹಮಾಲಿ ಅಂತ ಇಷ್ಟುದ್ದ ಬರದದ್ದನ್ನ ಆಕಿ ಒಂದು ಸಾಲಿನ್ಯಾಗ ಬರದಾಳ.

ಬೆಟಗೇರಿ_ಲೆಕ್ಚರರ್

ಮೂರು. ಒಂದು ಕೊಂಡಿ ಬಿಟ್ಟಾಳ. `while` ಒಳಗ ಒಂದು ಸಲ ಹೋದ್ರ ಒಂದು ಹೊರಗ ಬರಲೇಬೇಕು ಅಂತ ಆಕಿ ಹೇಳಿಲ್ಲ. ಅದು ಇದ್ರ ಮಾತ್ರ ಹೊರಗ ಬಂದದ್ದರ ಲೆಕ್ಕಾ ಲೂಪಿನ ಲೆಕ್ಕಾ ಆಗ್ತೈತಿ. ಲೂಪು ತಿರುಗಿ ಏನೂ ತಗೀದ ಹಂಗ ಇದ್ರ ಆಕಿ ವಾಕ್ಯ ಖರೆ ಇದ್ದೂ O(n) ಬರೂದಿಲ್ಲ. ನಾ ಹಾಕಿದ ಎರಡನೇ ಕೋಡ್ ನೋಡ್ರಿ, ಅಲ್ಲೂ ಪ್ರತಿ ದಿವಸ ಒಂದ ಸಲ ಒಳಗ ಹೋಗ್ತೈತಿ, ಹೊರಗ ಸೊನ್ನಿ ಸಲ ಬರ್ತೈತಿ. ಆಕಿ ಕಾರಣಾ ಅಲ್ಲಿ ಹಚ್ಚಿದ್ರ ಅದೂ O(n) ಆಗಿಬಿಡ್ತೈತಿ.

ಸಾಧನಕೇರಿ_ಅಜ್ಜ

ಇದು ಛಲೋ ಹಿಡದ್ರಿ, ನಂಗ ಹೊಳದಿದ್ದಿಲ್ಲ. ಆದ್ರ ಆಕಿ ಮುಂದ ಇದ್ದದ್ದು ನಿಮ್ಮ ಕೋಡ್ ಅಲ್ಲ, ತಾನ ಬರದ ಕೋಡ್. `while` ಒಳಗ ಇರೋದ ಒಂದು ಸಾಲು, ಅದರಾಗ `s.pop()` ಕಣ್ಣಿಗೆ ರಾಚೋ ಹಂಗ ಅದ. ಪ್ರತಿಯೊಂದು ಮೆಟ್ಟಲಾ ಬರಿ ಅಂದ್ರ ನಾವೂ ಯಾರೂ ಬರಿಯೂದಿಲ್ಲ.

ವಿದ್ಯಾನಗರ_ಬ್ಲೂಬುಕ್

ಇವತ್ತು ಮುಂಜಾನೆ ಆಕಿನ್ನ ಸ್ಟಾಫ್ ರೂಮಿಗೆ ಕರದು ಕೇಳಿದೆ, `while` ಒಳಗ ಒಂದು ಸಲ ಹೋದ್ರ ಏನಾಗ್ತೈತಿ ಅಂತ. "ಒಂದು ಹೊರಗ ಬೀಳ್ತದರಿ ಮೇಡಂ, ಇಲ್ಲಂದ್ರ ಒಳಗ ಯಾಕ ಹೋಗ್ತದ?" ಅಂದ್ಲು. ವಿಚಾರನೂ ಮಾಡಲಿಲ್ಲ.

A ಗೆ ಸಮರ್ಥನೆಗೆ ಸೊನ್ನಿ, C ಗೆ ಒಂದು ಹಾಕಿದೆ. B ಗೆ ಮೂರು, ಪ್ರಶ್ನೆಯೊಳಗ "ಬಿಗಿಯಾದ" ಅಂತ ಬರೀದಿದ್ದು ನನ್ನ ತಪ್ಪು, ಮುಂದಿನ ಪೇಪರಿನ್ಯಾಗ Θ ಒಳಗ ಹೇಳ್ರಿ ಅಂತ ಬರೀತೀನಿ, ಆದ್ರ ಹೇಳಿದ್ದಕ್ಕ ಇಟ್ಟ ಒಂದು B ಗೆ ಕೊಡ್ಲೋ ಬ್ಯಾಡೋ ಇನ್ನೂ ತಿಳೀವಲ್ದು. ಈ ಹುಡುಗಿದು ನಾಕು ಹಂಗ ಇಡ್ತೀನಿ ಅಂತ ಮಾಡೀನಿ.

ಬೆಟಗೇರಿ_ಲೆಕ್ಚರರ್

ಮೇಡಂ, ಆಕಿನ್ನ ಕರದು ಕೇಳಿದ್ರಿ. C ನ್ನ ಕರದು "ಒಂದು ದಿವಸ ನಾಕು ಸಲ ಓಡಿದ್ರ?" ಅಂತ ಕೇಳಿದ್ರೇನ್ರಿ? ಅವನೂ ಹೇಳ್ತಿದ್ದನೋ ಏನೋ.

ವಿದ್ಯಾನಗರ_ಬ್ಲೂಬುಕ್

ಕೇಳಿಲ್ಲರಿ. ನಾಳಿ ಮೂರನೇ ಪೀರಿಯಡ್ಡಿಗೆ ಅವರ ಕ್ಲಾಸ್ ಐತಿ, 19, 17, 15, 13, 25 ಬೋರ್ಡಿನ ಮ್ಯಾಲ ಬರದು ಅವನ್ನ ಎಬ್ಬಸ್ತೀನಿ.